ಎರಡು ದಿನ ರಜೆ ಹಾಕಿದರೆ ಐದು ದಿನ ಕಡಿತ: ಸ್ಯಾಂಡ್‌ವಿಚ್ ನಿಯಮದ ಲೆಕ್ಕ

2026ರ ಗಾಂಧಿ ಜಯಂತಿ ಶುಕ್ರವಾರ ಬರುತ್ತದೆ. ಶನಿವಾರ, ಭಾನುವಾರ ಎರಡೂ ರಜೆ ಇರುವ ಕಂಪನಿಯವರಿಗೆ ಸಾಲಾಗಿ ಮೂರು ದಿನ ಸಿಕ್ಕಂತಾಯಿತು. ಹಿಂದಿನ ಗುರುವಾರ ಒಂದು, ಮುಂದಿನ ಸೋಮವಾರ ಒಂದು ರಜೆ ಹಾಕಿದರೆ ಊರಿಗೆ ಹೋಗಿಬರಲು ಐದು ದಿನವಾಯಿತು. ಹೀಗೆ ಯೋಚಿಸಿ ಟಿಕೆಟ್ ಮಾಡಿಸಿದವರು ತಿಂಗಳ ಕೊನೆಗೆ ರಜೆ ಖಾತೆ ನೋಡಿದರೆ, ಅಲ್ಲಿ ಎರಡರ ಬದಲು ಐದು ರಜೆ ಕಳೆದಿರಬಹುದು. ಕೇಳಿದರೆ ಎಚ್‌ಆರ್‌ನಿಂದ ಬರುವ ಉತ್ತರ ಚುಟುಕು: 'ಸ್ಯಾಂಡ್‌ವಿಚ್ ರೂಲ್ ಇದೆಯಲ್ಲ.'

ಈ ರೂಲ್ ಎಲ್ಲಿಂದ ಬಂತು, ಯಾರಿಗೆ ಅನ್ವಯಿಸುತ್ತದೆ, ಯಾವ ಬಗೆಯ ರಜೆಗೆ ಕಾನೂನು ಇದನ್ನು ಒಪ್ಪುವುದಿಲ್ಲ, ಸಂಬಳ ಕತ್ತರಿಸುವಾಗ ಲೆಕ್ಕ ಎಲ್ಲಿ ತಪ್ಪುತ್ತದೆ ಎಂಬುದನ್ನು ಈ ಐದು ದಿನಗಳನ್ನೇ ಉದಾಹರಣೆಯಾಗಿಟ್ಟುಕೊಂಡು ನೋಡೋಣ.

## ನಿಯಮ ಇಷ್ಟೇ

ಕೆಲಸಕ್ಕೆ ಹೋಗದ ದಿನಗಳಲ್ಲಿ ಎರಡು ಬಗೆ. ಒಂದು, ಸಂಸ್ಥೆಯೇ ಕೊಟ್ಟ ರಜೆ: ವಾರದ ರಜೆ, ಹಬ್ಬದ ರಜೆ, ರಾಷ್ಟ್ರೀಯ ರಜೆ. ಇದಕ್ಕೆ ಅರ್ಜಿ ಬೇಡ, ಖಾತೆಯಿಂದ ಏನೂ ಕಳೆಯುವುದಿಲ್ಲ. ಇನ್ನೊಂದು, ನಾವು ಕೇಳಿ ಪಡೆಯುವ ರಜೆ: ಸಾಂದರ್ಭಿಕ ರಜೆ ಅಂದರೆ ಸಿಎಲ್, ಗಳಿಕೆ ರಜೆ ಅಂದರೆ ಇಎಲ್, ಅನಾರೋಗ್ಯದ ರಜೆ. ಇದು ಖಾತೆಯಿಂದ ಕಳೆಯುತ್ತದೆ.

ಮೊದಲ ಬಗೆಯ ದಿನ ಎರಡನೇ ಬಗೆಯ ದಿನಗಳ ಮಧ್ಯೆ ಸಿಕ್ಕಿಕೊಂಡರೆ ಅದನ್ನೂ ಎರಡನೇ ಬಗೆಗೆ ಸೇರಿಸಿ ಎಣಿಸುವುದೇ ಸ್ಯಾಂಡ್‌ವಿಚ್ ನಿಯಮ. ಅದು ಅನ್ವಯಿಸಬೇಕಾದರೆ ರಜಾ ದಿನದ ಎರಡೂ ಬದಿಯ ಕೆಲಸದ ದಿನಗಳಲ್ಲಿ ನೀವು ಗೈರಾಗಿರಬೇಕು. ಒಂದೇ ಬದಿ ರಜೆ ಹಾಕಿದ್ದರೆ ಅದು ರಜೆಯ ಮುಂದೆಯೋ ಹಿಂದೆಯೋ ಜೋಡಿಸಿದ ರಜಾ ದಿನವಾಗುತ್ತದೆ. ಕಡತದ ಭಾಷೆಯಲ್ಲಿ ಪ್ರಿಫಿಕ್ಸ್, ಸಫಿಕ್ಸ್. ಸಾಮಾನ್ಯವಾಗಿ ಅವನ್ನು ಎಣಿಸುವುದಿಲ್ಲ.

ಹಾಗಾಗಿ ರಜೆಯ ಸಂಖ್ಯೆಗಿಂತ ರಜೆ ಹಾಕಿದ ಜಾಗ ಮುಖ್ಯವಾಗುತ್ತದೆ. ಅಕ್ಟೋಬರ್‌ನ ಉದಾಹರಣೆಯಲ್ಲಿ ಎರಡೇ ರಜೆ ಹಾಕಿ ಸತತ ಐದು ದಿನ ಬಿಡುವು ಪಡೆಯಲು ಮೂರು ದಾರಿಗಳಿವೆ. ಬುಧವಾರ ಮತ್ತು ಗುರುವಾರ, ಅಂದರೆ ಸೆಪ್ಟೆಂಬರ್ 30 ಮತ್ತು ಅಕ್ಟೋಬರ್ 1 ಹಾಕಿದರೆ ಭಾನುವಾರದವರೆಗೆ ಬಿಡುವು. ಮೂರು ರಜಾ ದಿನಗಳು ಕೊನೆಗೆ ಜೋಡಿಸಿಕೊಳ್ಳುತ್ತವೆ, ಕಡಿತ 2. ಸೋಮವಾರ ಮತ್ತು ಮಂಗಳವಾರ, ಅಂದರೆ 5 ಮತ್ತು 6 ಹಾಕಿದರೆ ಶುಕ್ರವಾರದಿಂದ ಮಂಗಳವಾರದವರೆಗೆ ಬಿಡುವು; ಮೂರು ರಜಾ ದಿನಗಳು ಮೊದಲಿಗೆ ಜೋಡಿಸಿಕೊಳ್ಳುತ್ತವೆ, ಕಡಿತ ಆಗಲೂ 2. ಗುರುವಾರ 1 ಮತ್ತು ಸೋಮವಾರ 5 ಹಾಕಿದರೆ ಮಾತ್ರ ಮೂರೂ ರಜಾ ದಿನಗಳು ನಡುವೆ ಸಿಕ್ಕಿಬೀಳುತ್ತವೆ, ಕಡಿತ 5. ಮನೆಯಲ್ಲಿ ಕಳೆಯುವ ದಿನಗಳು ಮೂರೂ ಬಾರಿ ಐದೇ.

ವಾರದ ರಜೆ ಬೇರೆಯಾಗಿದ್ದರೆ ಲೆಕ್ಕವೂ ಬೇರೆ. ಕರ್ನಾಟಕದ ಸರ್ಕಾರಿ ಕಚೇರಿಗಳಿಗೆ ಎರಡನೇ ಮತ್ತು ನಾಲ್ಕನೇ ಶನಿವಾರ ಮಾತ್ರ ರಜೆ. ಅಕ್ಟೋಬರ್ 3 ಮೊದಲನೇ ಶನಿವಾರ, ಕೆಲಸದ ದಿನ. ಅಲ್ಲಿನವರು ಈ ಐದು ದಿನ ಊರಲ್ಲಿರಬೇಕಾದರೆ ಗುರುವಾರ, ಶನಿವಾರ, ಸೋಮವಾರ ಮೂರಕ್ಕೂ ರಜೆ ಹಾಕಲೇಬೇಕು. ನಡುವೆ ಸಿಗುವುದು ಶುಕ್ರವಾರ ಮತ್ತು ಭಾನುವಾರ ಮಾತ್ರ. ಪಾಳಿಯಲ್ಲಿ ದುಡಿಯುವವರಿಗೆ ವಾರದ ರಜೆ ಬುಧವಾರವಿದ್ದರೆ ಅವರ ಪಾಲಿಗೆ ಅಪಾಯದ ಜೋಡಿ ಮಂಗಳವಾರ ಮತ್ತು ಗುರುವಾರ. ಕ್ಯಾಲೆಂಡರಿನ ಕೆಂಪು ಅಂಕಿ ನೋಡಿ ಲೆಕ್ಕ ಹಾಕಿದರೆ ಇವರು ಎಡವುತ್ತಾರೆ, ನೋಡಬೇಕಾದ್ದು ಪಾಳಿಪಟ್ಟಿ.

## ಎಣಿಕೆ ಹೀಗೇಕೆ

ರಜೆ ಎಣಿಸಲು ಎರಡು ಪದ್ಧತಿಗಳಿವೆ. ಬಾಡಿಗೆ ಕಾರಿನ ಲೆಕ್ಕದಂತೆ ಅಂದುಕೊಳ್ಳಿ. ದಿನದ ಬಾಡಿಗೆಗೆ ತೆಗೆದುಕೊಂಡರೆ ಕಾರು ಓಡಲಿ, ನಿಂತೇ ಇರಲಿ, ಪ್ರತಿ ದಿನಕ್ಕೂ ದುಡ್ಡು. ಕಿಲೋಮೀಟರ್ ಲೆಕ್ಕಕ್ಕೆ ತೆಗೆದುಕೊಂಡರೆ ಓಡಿಸಿದ್ದಕ್ಕೆ ಮಾತ್ರ. ರಜೆ ಶುರುವಾದ ದಿನದಿಂದ ಮುಗಿಯುವ ದಿನದವರೆಗೆ ಕ್ಯಾಲೆಂಡರಿನ ಎಲ್ಲ ದಿನ ಎಣಿಸುವುದು ಮೊದಲ ಬಗೆ. ಕೆಲಸ ತಪ್ಪಿದ ದಿನಗಳನ್ನಷ್ಟೇ ಎಣಿಸುವುದು ಎರಡನೆಯದು. ಸ್ಯಾಂಡ್‌ವಿಚ್ ನಿಯಮ ಅಂದರೆ ಮೊದಲ ಬಗೆಯ ಎಣಿಕೆಯೇ, ಹೊಸದಾಗಿ ಹುಟ್ಟಿದ್ದೇನಲ್ಲ.

ಎರಡರಲ್ಲಿ ಒಂದು ನ್ಯಾಯ, ಇನ್ನೊಂದು ಅನ್ಯಾಯ ಎಂದು ಒಂದೇ ಮಾತಿನಲ್ಲಿ ಹೇಳಲಾಗದು. ವರ್ಷಕ್ಕೆ ಎಷ್ಟು ರಜೆ ಕೊಡುತ್ತಾರೆ ಎಂಬುದರ ಜೊತೆ ಇಟ್ಟು ನೋಡಬೇಕು. ವಾರಕ್ಕೆ ಐದು ದಿನ ಕೆಲಸವಿರುವ ಕಡೆ ಒಬ್ಬರು ಸೋಮವಾರದಿಂದ ಮೂರನೇ ವಾರದ ಶುಕ್ರವಾರದವರೆಗೆ ರಜೆ ಹಾಕಿದರು ಎನ್ನಿ. ಕೆಲಸದ ದಿನದ ಎಣಿಕೆಯಲ್ಲಿ 15 ರಜೆ ಕಳೆಯುತ್ತದೆ. ಕ್ಯಾಲೆಂಡರ್ ಎಣಿಕೆಯಲ್ಲಿ ನಡುವಿನ ಎರಡು ವಾರಾಂತ್ಯಗಳು ಸೇರಿ 19. ಅಂದರೆ 'ವರ್ಷಕ್ಕೆ 24 ರಜೆ' ಎಂದು ಕೊಟ್ಟು ಸ್ಯಾಂಡ್‌ವಿಚ್ ಹಾಕುವ ಕಂಪನಿ, 20 ರಜೆ ಕೊಟ್ಟು ಅದನ್ನು ಹಾಕದ ಕಂಪನಿಗಿಂತ ಉದಾರಿ ಎನ್ನಲಾಗದು. ಹೊಸ ಕೆಲಸಕ್ಕೆ ಸೇರುವಾಗ ಆಫರ್ ಲೆಟರಿನಲ್ಲಿ ಬರೀ ಸಂಖ್ಯೆ ನೋಡುವವರು ಇದನ್ನು ಗಮನಿಸುವುದು ಕಡಿಮೆ.

ಬಿಡಿ ಬಿಡಿಯಾಗಿ ರಜೆ ಹಾಕುವವರಿಗೆ ಎರಡೂ ಒಂದೇ. ಮಂಗಳವಾರ ಒಂದು, ಮುಂದಿನ ವಾರ ಗುರುವಾರ ಒಂದು ಹಾಕಿಕೊಂಡು ಹೋಗುವವರಿಗೆ ಈ ನಿಯಮ ತಟ್ಟುವುದೇ ಇಲ್ಲ. ತಟ್ಟುವುದು ದೂರದ ಊರಿಗೆ ಹೋಗುವವರಿಗೆ, ಮದುವೆ ಮುಂಜಿ ಇಟ್ಟುಕೊಂಡವರಿಗೆ, ಶುಕ್ರವಾರ ಮತ್ತು ಸೋಮವಾರವನ್ನು ಆಯ್ದು ರಜೆ ಹಾಕುವವರಿಗೆ. ಖಾಸಗಿ ಕಂಪನಿಗಳು ನಿಯಮ ಇಟ್ಟಿರುವುದು ಮುಖ್ಯವಾಗಿ ಈ ಕೊನೆಯ ಗುಂಪನ್ನು ತಡೆಯಲು. ಬಿಸಿ ಮುಟ್ಟುವುದು ಉಳಿದವರಿಗೂ.

## ಸರ್ಕಾರಿ ನೌಕರರ ಲೆಕ್ಕ

ಕೇಂದ್ರ ಸರ್ಕಾರದ ನಾಗರಿಕ ನೌಕರರಿಗೆ 1972ರ ಸಿಸಿಎಸ್ ರಜೆ ನಿಯಮಗಳು ಅನ್ವಯಿಸುತ್ತವೆ. ಅಲ್ಲಿ ಗಳಿಕೆ ರಜೆ ಜನವರಿ 1ಕ್ಕೆ 15, ಜುಲೈ 1ಕ್ಕೆ 15, ಒಟ್ಟು ವರ್ಷಕ್ಕೆ 30 ದಿನ ಖಾತೆಗೆ ಬೀಳುತ್ತದೆ. ಕಳೆಯುವುದು ಕ್ಯಾಲೆಂಡರ್ ಎಣಿಕೆಯಲ್ಲಿ: ನಡುವಿನ ರಜಾ ದಿನಗಳು ಸೇರುತ್ತವೆ, ಮೊದಲು ಮತ್ತು ಕೊನೆಯ ರಜಾ ದಿನಗಳನ್ನು ಜೋಡಿಸಿಕೊಳ್ಳಲು 22ನೇ ನಿಯಮ ಅವಕಾಶ ಕೊಡುತ್ತದೆ. ಸಾಂದರ್ಭಿಕ ರಜೆ ಇದಕ್ಕೆ ತದ್ವಿರುದ್ಧ. ವರ್ಷಕ್ಕೆ 8 ಇರುವ ಈ ಸಿಎಲ್ ನಡುವೆ ಭಾನುವಾರ ಬಂದರೂ ಹಬ್ಬ ಬಂದರೂ ಅದನ್ನು ಎಣಿಸುವುದಿಲ್ಲ.

ವಾರಕ್ಕೆ ಐದು ದಿನ ತೆರೆದಿರುವ ಕೇಂದ್ರ ಕಚೇರಿಯ ಗುಮಾಸ್ತರೊಬ್ಬರು ಅಕ್ಟೋಬರ್ 1 ಮತ್ತು 5ಕ್ಕೆ ಸಿಎಲ್ ಹಾಕಿದರೆ ಕಳೆಯುವುದು 2. ಅದೇ ದಿನಗಳಿಗೆ ಗಳಿಕೆ ರಜೆ ಹಾಕಿದರೆ 5. ಸಿಎಲ್ ಉಳಿಸಿಕೊಳ್ಳೋಣ ಎಂದು ಗಳಿಕೆ ರಜೆ ಹಾಕುವವರು ಈ ಮೂರು ದಿನಗಳ ವ್ಯತ್ಯಾಸವನ್ನು ತೂಗಿ ನೋಡಬೇಕು. ನಿವೃತ್ತಿಯ ಹೊತ್ತಿಗೆ ಉಳಿದ ಗಳಿಕೆ ರಜೆಯನ್ನು 300 ದಿನಗಳ ಮಿತಿಯೊಳಗೆ ನಗದು ಮಾಡಿಕೊಳ್ಳಬಹುದಾದ್ದರಿಂದ ಸುಮ್ಮನೆ ಕಳೆದುಹೋಗುವ ಒಂದೊಂದು ದಿನಕ್ಕೂ ಬೆಲೆಯಿದೆ.

ಸಿಎಲ್ ಒಂದು ಬದಿ, ಗಳಿಕೆ ರಜೆ ಇನ್ನೊಂದು ಬದಿ ಹಾಕಿ ತಪ್ಪಿಸಿಕೊಳ್ಳಬಹುದೇ ಎಂಬ ಪ್ರಶ್ನೆ ಕಚೇರಿಗಳಲ್ಲಿ ಆಗಾಗ ಏಳುತ್ತದೆ. ಆಗದು. ಸಿಎಲ್ ಅನ್ನು ಉಳಿದ ರಜೆಗಳ ಜೊತೆ ಜೋಡಿಸಲು ಕೇಂದ್ರದ ನಿಯಮದಲ್ಲಿ ಅವಕಾಶವಿಲ್ಲ.

ಇಲ್ಲಿ ಎಲ್ಲರೂ ತಿಳಿದಿರಬೇಕಾದ ಒಂದು ಸೂಕ್ಷ್ಮ ಇದೆ. ಅನಾರೋಗ್ಯಕ್ಕೆ ವೈದ್ಯಕೀಯ ಪ್ರಮಾಣಪತ್ರದ ಮೇಲೆ ರಜೆ ತೆಗೆದುಕೊಂಡಾಗ ಪತ್ರದ ಮೇಲಿನ ತಾರೀಖೇ ವಾರಾಂತ್ಯದ ಗತಿ ನಿರ್ಧರಿಸುತ್ತದೆ. ಸೋಮವಾರದಿಂದ ಶುಕ್ರವಾರದವರೆಗೆ ಜ್ವರದಿಂದ ಮಲಗಿದ್ದವರು ಮುಂದಿನ ಸೋಮವಾರ ಕಚೇರಿಗೆ ಬಂದರು ಎಂದಿಟ್ಟುಕೊಳ್ಳಿ. 'ಕೆಲಸಕ್ಕೆ ಹಾಜರಾಗಲು ಸಮರ್ಥರು' ಎಂಬ ಫಿಟ್‌ನೆಸ್ ಪತ್ರದಲ್ಲಿ ಶುಕ್ರವಾರದ ತಾರೀಖಿದ್ದರೆ, ಅದರ ನಂತರದ ಶನಿವಾರ, ಭಾನುವಾರ ರಜೆಯ ಕೊನೆಗೆ ಜೋಡಿಸಿದ ದಿನಗಳಾಗುತ್ತವೆ. ರಜೆ 5 ದಿನ. ಪತ್ರದಲ್ಲಿ ಸೋಮವಾರದ ತಾರೀಖಿದ್ದರೆ ಅದಕ್ಕೂ ಹಿಂದಿನ ಶನಿವಾರ, ಭಾನುವಾರ ರಜೆಯ ಭಾಗವೇ ಆಗುತ್ತವೆ. ರಜೆ 7 ದಿನ. ಇದನ್ನು ಪರಿವರ್ತಿತ ರಜೆಯಾಗಿ, ಅಂದರೆ ಅರ್ಧ ವೇತನ ರಜೆಯನ್ನು ಪೂರ್ಣ ವೇತನದ ರಜೆಗೆ ಬದಲಾಯಿಸಿ ಮಂಜೂರು ಮಾಡಿದರೆ ಪ್ರತಿ ದಿನಕ್ಕೆ ಎರಡು ಅರ್ಧ ವೇತನ ರಜೆ ಕಳೆಯುತ್ತದೆ. ಹತ್ತು ಹೋಗಬೇಕಾದ ಕಡೆ ಹದಿನಾಲ್ಕು ಹೋಗುತ್ತದೆ. ಶುಕ್ರವಾರವೇ ಗುಣವಾಗಿದ್ದು, ಪತ್ರ ತರಲು ಮಾತ್ರ ಸೋಮವಾರ ಬೆಳಿಗ್ಗೆ ಆಸ್ಪತ್ರೆಗೆ ಹೋದವರು ಕಳೆದುಕೊಳ್ಳುವುದು ಇದನ್ನೇ.

ಕರ್ನಾಟಕ ಸರ್ಕಾರದ ನೌಕರರಿಗೆ ಕೇಂದ್ರದ ನಿಯಮಗಳಲ್ಲ, ಕರ್ನಾಟಕ ನಾಗರಿಕ ಸೇವಾ ನಿಯಮಾವಳಿ ಅನ್ವಯಿಸುತ್ತದೆ. 2019ರಲ್ಲಿ ನಾಲ್ಕನೇ ಶನಿವಾರವನ್ನೂ ರಜೆ ಮಾಡಿದಾಗ ಸರ್ಕಾರ ಸಾಂದರ್ಭಿಕ ರಜೆಯನ್ನು 15ರಿಂದ 10ಕ್ಕೆ ಇಳಿಸಿತು. ಕೈಯಲ್ಲಿರುವ ಸಿಎಲ್ ಕಡಿಮೆಯಾದಷ್ಟೂ ಒಂದೆರಡು ದಿನದ ಕೆಲಸಕ್ಕೂ ಗಳಿಕೆ ರಜೆಗೆ ಕೈಹಾಕಬೇಕಾಗುತ್ತದೆ. ನಡುವಿನ ದಿನಗಳ ಪ್ರಶ್ನೆ ಏಳುವುದು ಆಗಲೇ.

## ಕಾರ್ಖಾನೆ, ಅಂಗಡಿ, ಐಟಿ ಕಂಪನಿ

ಖಾಸಗಿ ವಲಯದಲ್ಲಿ 'ಸ್ಯಾಂಡ್‌ವಿಚ್' ಎಂಬ ಹೆಸರಿನ ನಿಯಮವನ್ನು ಯಾವ ಕಾಯ್ದೆಯಲ್ಲೂ ಹುಡುಕಬೇಡಿ. ಇದು ಕಂಪನಿಗಳು ತಮ್ಮ ರಜೆ ನೀತಿಯಲ್ಲಿ ಬರೆದುಕೊಂಡದ್ದು. ಕಾಯ್ದೆಗಳು ಹೇಳುವುದು ಬಹುತೇಕ ಇದರ ಉಲ್ಟಾ.

1948ರ ಕಾರ್ಖಾನೆ ಕಾಯ್ದೆಯ 79ನೇ ಸೆಕ್ಷನ್ ಪ್ರಕಾರ ವರ್ಷದಲ್ಲಿ 240 ದಿನ ದುಡಿದ ವಯಸ್ಕ ಕಾರ್ಮಿಕರಿಗೆ ಪ್ರತಿ 20 ದಿನದ ದುಡಿಮೆಗೆ ಒಂದು ದಿನದಂತೆ ವೇತನಸಹಿತ ವಾರ್ಷಿಕ ರಜೆ ಸಿಗಬೇಕಿತ್ತು. ಅದೇ ಸೆಕ್ಷನ್ನಿನ ವಿವರಣೆಯಲ್ಲಿ, ರಜೆಯ ನಡುವೆ ಬರಲಿ, ಆಚೀಚೆ ತುದಿಯಲ್ಲಿ ಬರಲಿ, ರಜಾ ದಿನಗಳು ಈ ಲೆಕ್ಕಕ್ಕೆ ಸೇರುವುದಿಲ್ಲ ಎಂದು ಬರೆದಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ವೃತ್ತಿ ಸುರಕ್ಷತೆ ಮತ್ತು ಆರೋಗ್ಯ ಸಂಹಿತೆ ಈ ಕಾಯ್ದೆಯ ಜಾಗಕ್ಕೆ ಬಂದಿದೆ. ಅದರ 32ನೇ ಸೆಕ್ಷನ್ ಅರ್ಹತೆಯನ್ನು 240ರಿಂದ 180 ದಿನಕ್ಕೆ ಇಳಿಸಿದರೂ ಈ ಅಂಶವನ್ನು ಹಾಗೇ ಉಳಿಸಿಕೊಂಡಿದೆ: ನಡುವೆ ಬಂದ ರಜಾ ದಿನವನ್ನು ಬಳಸಿದ ರಜೆಯಿಂದ ಹೊರಗಿಡಬೇಕು.

ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳು, ಅಂಗಡಿಗಳು, ಹೋಟೆಲುಗಳು 1961ರ ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಡಿ ಬರುತ್ತವೆ. ಅದರ 15ನೇ ಸೆಕ್ಷನ್ನಿನ ವಾರ್ಷಿಕ ರಜೆಯೂ ಕಾರ್ಖಾನೆ ಕಾಯ್ದೆಯ ಅಚ್ಚಿನಲ್ಲೇ ಇದೆ; ರಜಾ ದಿನಗಳು ಅಲ್ಲೂ ಲೆಕ್ಕದ ಹೊರಗೆ.

ಹಾಗಾದರೆ ಇಷ್ಟೊಂದು ಕಂಪನಿಗಳು ಈ ನಿಯಮವನ್ನು ಹೇಗೆ ನಡೆಸುತ್ತಿವೆ? ಅವಕ್ಕೆ ಮೂರು ಸಂದುಗಳು ಸಿಗುತ್ತವೆ. ಮೊದಲನೆಯದು, ಕಾಯ್ದೆಯ ಈ ರಕ್ಷಣೆ ವಾರ್ಷಿಕ ರಜೆಗೆ ಮಾತ್ರ. ಅಂಗಡಿ ಕಾಯ್ದೆಯಲ್ಲಿ ಅನಾರೋಗ್ಯ ಇತ್ಯಾದಿ ಕಾರಣಗಳಿಗೆ ಕೊಡುವ 12 ದಿನದ ರಜೆ ಬೇರೆ ಉಪವಿಧಿಯಲ್ಲಿದೆ, ಅದಕ್ಕೆ ಆ ವಿವರಣೆ ಹೊಂದುವುದಿಲ್ಲ. ಎರಡನೆಯದು, ಕಾಯ್ದೆ ಕೊಡುವುದು ಕನಿಷ್ಠ ಮಾತ್ರ. 240 ದಿನ ದುಡಿದವರಿಗೆ ಅದು 12 ದಿನ. ಕಂಪನಿ 24 ಕೊಡುತ್ತಿದ್ದರೆ, ಹೆಚ್ಚಿನ ದಿನಗಳು ನಮ್ಮ ಇಷ್ಟದ ಕೊಡುಗೆ, ಷರತ್ತೂ ನಮ್ಮದೇ ಎಂದು ವಾದಿಸುತ್ತದೆ. ಮೂರನೆಯದು, ಆಡಳಿತ ಸ್ಥಾನದಲ್ಲಿ ಇರುವವರಿಗೆ ಅಂಗಡಿ ಕಾಯ್ದೆ ಅನ್ವಯಿಸುವುದೇ ಇಲ್ಲ; ಅವರಿಗೆ ನೇಮಕಾತಿ ಪತ್ರ ಮತ್ತು ಕಂಪನಿಯ ನೀತಿಯೇ ಅಂತಿಮ.

ಕಾಯ್ದೆಯ ಕನಿಷ್ಠ ರಜೆಯಿಂದಲೇ ಭಾನುವಾರ ಕಳೆದರೆ ಅದನ್ನು ಪ್ರಶ್ನಿಸಲು ಗಟ್ಟಿ ಆಧಾರ ಇದೆ. ಸಿಎಲ್, ಸಿಕ್ ಲೀವ್, ಕಂಪನಿ ಹೆಚ್ಚುವರಿಯಾಗಿ ಕೊಟ್ಟ ರಜೆಗಳಿಂದ ಕಳೆದರೆ ನೀತಿಯಲ್ಲಿ ಏನು ಬರೆದಿದೆ ಎಂದು ಮೊದಲು ಓದಬೇಕು. ಓದುವಾಗ ಹುಡುಕಬೇಕಾದ ಪದಗಳು: 'ಕ್ಯಾಲೆಂಡರ್ ಡೇಸ್', 'ವರ್ಕಿಂಗ್ ಡೇಸ್', 'ಇಂಟರ್ವೀನಿಂಗ್ ಹಾಲಿಡೇಸ್'. 'ಸ್ಯಾಂಡ್‌ವಿಚ್' ಎಂಬ ಪದ ಎಷ್ಟೋ ನೀತಿಗಳಲ್ಲಿ ಇರುವುದೇ ಇಲ್ಲ, ಅದರ ಕೆಲಸವನ್ನು ಈ ಪದಗಳೇ ಮಾಡುತ್ತವೆ.

## ಸಂಬಳ ಕತ್ತರಿಸುವಾಗ

ರಜೆ ಖಾಲಿಯಾಗಿದ್ದಾಗ ಗೈರಾದರೆ ಅದು ವೇತನರಹಿತ ರಜೆ, ಎಲ್‌ಒಪಿ. ಇಲ್ಲಿ ಸ್ಯಾಂಡ್‌ವಿಚ್ ನೇರವಾಗಿ ಜೇಬಿಗೆ ಕೈಹಾಕುತ್ತದೆ. ಲೆಕ್ಕ ಸರಿಯೋ ತಪ್ಪೋ ಎಂದು ತಿಳಿಯಲು ಒಂದು ದಿನದ ಸಂಬಳವನ್ನು ಎಷ್ಟರಿಂದ ಭಾಗಿಸಿ ತೆಗೆದರು ಎಂದು ನೋಡಬೇಕು. ಕೆಲವು ಕಂಪನಿಗಳು ತಿಂಗಳ ಒಟ್ಟು ದಿನಗಳಿಂದ ಭಾಗಿಸುತ್ತವೆ, ಕೆಲವು ಕೆಲಸದ ದಿನಗಳಿಂದ.

ತಿಂಗಳ ಸಂಬಳ 34,100 ರೂಪಾಯಿ ಎಂದಿಟ್ಟುಕೊಳ್ಳಿ. 2026ರ ಅಕ್ಟೋಬರ್‌ನಲ್ಲಿ 31 ದಿನ; ಶನಿವಾರ, ಭಾನುವಾರ ಬಿಟ್ಟರೆ 22 ದಿನ. 31ರಿಂದ ಭಾಗಿಸಿದರೆ ದಿನಕ್ಕೆ 1,100 ರೂಪಾಯಿ, 22ರಿಂದ ಭಾಗಿಸಿದರೆ 1,550. ನೌಕರರು 1 ಮತ್ತು 5ರಂದು ಗೈರು.

31ರ ಭಾಗಾಕಾರದಲ್ಲಿ ಸ್ಯಾಂಡ್‌ವಿಚ್ ಸೇರಿ ಐದು ದಿನ ಕತ್ತರಿಸಿದರೆ 5,500 ರೂಪಾಯಿ ಹೋಗುತ್ತದೆ. 22ರ ಭಾಗಾಕಾರದಲ್ಲಿ ಸ್ಯಾಂಡ್‌ವಿಚ್ ಇಲ್ಲದೆ ಎರಡೇ ದಿನ ಕತ್ತರಿಸಿದರೆ 3,100. ಎರಡರಲ್ಲೂ ಭಾಗಿಸಿದ ರೀತಿ ಮತ್ತು ಎಣಿಸಿದ ರೀತಿ ಒಂದಕ್ಕೊಂದು ಹೊಂದುತ್ತವೆ. ಮೊದಲನೆಯದರಲ್ಲಿ ಭಾನುವಾರಕ್ಕೂ ಸಂಬಳವಿದೆ ಎಂದು ಹಿಡಿದು ಭಾನುವಾರವನ್ನೂ ಎಣಿಸಿದ್ದಾರೆ. ಎರಡನೆಯದರಲ್ಲಿ ಭಾನುವಾರದ ಸಂಬಳವನ್ನು ಕೆಲಸದ ದಿನಗಳೊಳಗೇ ಹಂಚಿದ್ದಾರೆ, ಆದ್ದರಿಂದ ಬೇರೆಯಾಗಿ ಎಣಿಸಿಲ್ಲ.

ಎಡವಟ್ಟಾಗುವುದು 22ರಿಂದ ಭಾಗಿಸಿ ಐದು ದಿನ ಕತ್ತರಿಸಿದಾಗ. ಆಗ 7,750 ರೂಪಾಯಿ ಹೋಗುತ್ತದೆ. ವಾರಾಂತ್ಯದ ಸಂಬಳ ಒಮ್ಮೆ ದಿನದ ದರದೊಳಗೆ ಸೇರಿದೆ, ಮತ್ತೊಮ್ಮೆ ಬೇರೆ ದಿನವಾಗಿ ಕತ್ತರಿಸಲಾಗಿದೆ. ಒಂದೇ ದುಡ್ಡಿಗೆ ಎರಡು ಕತ್ತರಿ. ಇದನ್ನು ಪರೀಕ್ಷಿಸಲು ಸುಲಭದ ಉಪಾಯ ಇದೆ: ಇಡೀ ತಿಂಗಳು ಬಾರದಿದ್ದರೆ ಎಷ್ಟು ಕತ್ತರಿಸುತ್ತಿದ್ದರು ಎಂದು ಗುಣಿಸಿ ನೋಡಿ. 1,550ನ್ನು 31ರಿಂದ ಗುಣಿಸಿದರೆ 48,050. ಸಂಬಳವೇ 34,100. ಬಾರದ್ದಕ್ಕೆ ನೌಕರರೇ ಕಂಪನಿಗೆ ದುಡ್ಡು ಕಟ್ಟಬೇಕಾದ ಲೆಕ್ಕ ಸರಿಯಾಗಿರಲು ಸಾಧ್ಯವಿಲ್ಲ.

ಲೆಕ್ಕ ಇನ್ನೊಂದು ಕಡೆಗೂ ವಾಲಬಹುದು. 31ರಿಂದ ಭಾಗಿಸಿ, ಸ್ಯಾಂಡ್‌ವಿಚ್ ಹಾಕದೆ ಎರಡೇ ದಿನ ಕತ್ತರಿಸಿದರೆ ಹೋಗುವುದು 2,200 ಮಾತ್ರ. ಇದೇ ಪದ್ಧತಿಯಲ್ಲಿ ಇಪ್ಪತ್ತೆರಡೂ ದಿನ ಬಾರದವರಿಗೆ 24,200 ಕತ್ತರಿಸಿ ಉಳಿದ 9,900 ಕೊಡಬೇಕಾಗುತ್ತದೆ, ಒಂದು ದಿನವೂ ದುಡಿಯದಿದ್ದರೂ. ಸಂಬಳ ವಿಭಾಗದವರು ಎಲ್‌ಒಪಿಗೆ ಸ್ಯಾಂಡ್‌ವಿಚ್ ಬೇಕೇಬೇಕು ಎಂದು ಹಠ ಹಿಡಿಯುವುದರ ಹಿಂದೆ ಇರುವುದು ಈ ಕಾರಣ. ವಾರದ ನಡುವೆ, ಮಂಗಳವಾರ ಮತ್ತು ಬುಧವಾರ ಗೈರಾದವರಿಗಂತೂ 31ರ ಭಾಗಾಕಾರವೇ ಲಾಭ: 3,100ರ ಬದಲು 2,200.

## ಅಂದುಕೊಳ್ಳದೆ ಸಿಕ್ಕಿಬೀಳುವ ಸಂದರ್ಭಗಳು

ಹೆಚ್ಚು ಜಗಳ ಆಗುವುದು ಸೋಮವಾರದ ಜ್ವರದ ವಿಷಯದಲ್ಲಿ. ಶುಕ್ರವಾರದ ರಜೆ ಮೊದಲೇ ಮಂಜೂರಾಗಿತ್ತು, ಸೋಮವಾರ ಬರುವುದಿತ್ತು, ಭಾನುವಾರ ರಾತ್ರಿ ಜ್ವರ ಬಂತು. ಸೋಮವಾರ ಸಿಕ್ ಲೀವ್ ಹಾಕಿದ ಕೂಡಲೇ ಶನಿವಾರ, ಭಾನುವಾರ ನಡುವೆ ಸಿಕ್ಕಿಬಿದ್ದವು. ರಜೆಯ ಬಗೆ ಬೇರೆ ಬೇರೆ ಆಗಿದ್ದರೆ ನಿಯಮ ಅನ್ವಯಿಸದು ಎಂದು ಕೆಲವು ನೀತಿಗಳಲ್ಲಿ ಇರುತ್ತದೆ, ಕೆಲವದರಲ್ಲಿ ಇರುವುದಿಲ್ಲ. ಅನ್ವಯಿಸುತ್ತದೆ ಎಂದಾದರೂ ಆ ಎರಡು ದಿನಗಳನ್ನು ಯಾವ ಖಾತೆಯಿಂದ ಕಳೆಯಬೇಕು ಎಂಬ ಪ್ರಶ್ನೆ ಉಳಿಯುತ್ತದೆ. ನೀತಿ ಸುಮ್ಮನಿದ್ದರೆ ತಂತ್ರಾಂಶ ತನಗೆ ತೋಚಿದ್ದನ್ನು ಮಾಡುತ್ತದೆ, ಸಾಮಾನ್ಯವಾಗಿ ನಂತರದ ಅರ್ಜಿಯ ಖಾತೆಗೆ ಕೈಹಾಕುತ್ತದೆ.

ಎರಡು ಬೇರೆ ಅರ್ಜಿ ಹಾಕಿದರೆ ತಪ್ಪಿಸಿಕೊಳ್ಳಬಹುದು ಎಂಬ ನಂಬಿಕೆಯೂ ಇದೆ. ಅರ್ಜಿ ಹಾಕುವಾಗ ಪರದೆ '1 ದಿನ', '1 ದಿನ' ಎಂದೇ ತೋರಿಸಬಹುದು. ಆದರೆ ಸಂಬಳದ ಹೊತ್ತಿಗೆ ಹಾಜರಾತಿಯನ್ನು ಸಾಲಾಗಿ ಓದುವ ತಂತ್ರಾಂಶ ಎರಡೂ ತುದಿಯ ಗೈರನ್ನು ಹಿಡಿದುಹಾಕುತ್ತದೆ. ಅರ್ಜಿ ಎಷ್ಟು ಎಂಬುದಕ್ಕಿಂತ ನಡುವೆ ಒಂದು ದಿನವಾದರೂ ಹಾಜರಿ ಇದೆಯೇ ಎಂಬುದೇ ಮುಖ್ಯ.

ಸರಪಳಿಯನ್ನು ಮುರಿಯುವುದೂ ಹಾಜರಿಯೇ. ಮನೆಯಿಂದ ಕೆಲಸ ಮಾಡಿದ ದಿನ ಹಾಜರಿ. ಕಚೇರಿ ಕೆಲಸದ ಮೇಲೆ ಹೊರಗೆ ಹೋದ ದಿನವೂ ಹಾಜರಿ. ಅರ್ಧ ದಿನದ ರಜೆ ಗೊಂದಲದ ವಿಷಯ. ಗುರುವಾರ ಮಧ್ಯಾಹ್ನದವರೆಗೆ ಕೆಲಸ ಮಾಡಿ ಹೊರಟವರು ಆ ದಿನ ಹಾಜರಿದ್ದರು ಎಂದು ಹಲವು ಕಂಪನಿಗಳು ಒಪ್ಪುತ್ತವೆ. ಹಾಗಿದ್ದರೆ ಅರ್ಧ ದಿನ ಗುರುವಾರ, ಪೂರ್ತಿ ದಿನ ಸೋಮವಾರ ಹಾಕಿದವರಿಗೆ ಒಂದೂವರೆ ರಜೆಯಷ್ಟೇ ಕಳೆಯುತ್ತದೆ. ಪರಿಹಾರ ರಜೆ, ಅಂದರೆ ಕಾಂಪ್ ಆಫ್, ಕೆಲವು ಕಡೆ ನಾವು ಹಾಕಿದ ರಜೆಯಂತೆ, ಕೆಲವು ಕಡೆ ಸಂಸ್ಥೆಯೇ ಕೊಟ್ಟ ರಜೆಯಂತೆ ಲೆಕ್ಕವಾಗುತ್ತದೆ. ಇದನ್ನು ಮೊದಲೇ ಕೇಳಿ ತಿಳಿದುಕೊಳ್ಳದೆ ಬೇರೆ ದಾರಿಯಿಲ್ಲ.

ಸಾಲು ರಜೆಯ ನಡುವಿನ ಒಂದು ಕೆಲಸದ ದಿನ ಎಲ್ಲಿ ಬೀಳುತ್ತದೆ ಎಂದೂ ನೋಡಬೇಕು. ಮಂಗಳವಾರ ಹಬ್ಬವಿದ್ದು ಸೋಮವಾರ ಮಾತ್ರ ರಜೆ ಹಾಕಿದರೆ ಶನಿವಾರದಿಂದ ಮಂಗಳವಾರದವರೆಗೆ ನಾಲ್ಕು ದಿನ ಬಿಡುವು ಸಿಗುತ್ತದೆ. ಇಲ್ಲಿ ಹಾಕಿದ ರಜೆಯೇ ರಜಾ ದಿನಗಳ ನಡುವೆ ಇದೆ, ರಜಾ ದಿನ ಹಾಕಿದ ರಜೆಗಳ ನಡುವೆ ಇಲ್ಲ. ಹಾಗಾಗಿ ಕಡಿತ 1. ಇದಕ್ಕೂ ನಿಯಮ ಅನ್ವಯಿಸುತ್ತದೆ ಎಂದು ಹೆದರಿ ರಜೆ ಹಾಕದವರು ಇದ್ದಾರೆ.

## ಭಾನುವಾರ ಎಣಿಸಿದ್ದೇ ಒಳ್ಳೆಯದಾದ ಕಡೆ

ಹೆರಿಗೆ ರಜೆ ವಾರಗಳ ಲೆಕ್ಕದಲ್ಲಿ ಸಿಗುತ್ತದೆ: ಮೊದಲ ಎರಡು ಮಕ್ಕಳಿಗೆ 26 ವಾರ. ಭಾನುವಾರ, ಹಬ್ಬ ಎಲ್ಲವೂ ಅದರೊಳಗೇ. ಹಾಗಾದರೆ ಭಾನುವಾರಗಳಿಗೆ ಹೆರಿಗೆ ಭತ್ಯೆ ಕೊಡಬೇಕೇ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತು. ಬಿ. ಶಾ ಮತ್ತು ಕೊಯಮತ್ತೂರು ಕಾರ್ಮಿಕ ನ್ಯಾಯಾಲಯದ ನಡುವಣ ಪ್ರಕರಣದಲ್ಲಿ, ವಾರ ಎಂದರೆ ಭಾನುವಾರವೂ ಸೇರಿ ಏಳು ದಿನ, ಭತ್ಯೆ ಏಳೂ ದಿನಕ್ಕೆ ಸಲ್ಲಬೇಕು ಎಂದು 1977ರಲ್ಲಿ ತೀರ್ಪಾಯಿತು. ವಾದ ಹೂಡಿದ್ದು ತೋಟದ ಕಾರ್ಮಿಕ ಮಹಿಳೆ. ಆಕೆಗೆ ಭಾನುವಾರ ಕೂಲಿಯಿಲ್ಲದ ದಿನವಾಗಿತ್ತು. ಎಣಿಕೆಯ ಪದ್ಧತಿ ಅದೇ, ಲಾಭ ಮಾತ್ರ ನೌಕರರ ಕಡೆಗೆ.

## ಕೊಲ್ಲಿಯಲ್ಲಿರುವವರಿಗೆ

ದುಬೈ, ಅಬುಧಾಬಿಯಲ್ಲಿ ದುಡಿಯುವ ಕರಾವಳಿಯವರು ವರ್ಷದ ರಜೆಯಲ್ಲಿ ಊರಿಗೆ ಬರುವಾಗ ಇದೇ ಲೆಕ್ಕ ಎದುರಾಗುತ್ತದೆ. ಯುಎಇಯ 2021ರ ಕಾರ್ಮಿಕ ಕಾನೂನಿನಲ್ಲಿ ಒಂದು ವರ್ಷ ಸೇವೆ ಪೂರೈಸಿದವರಿಗೆ ವಾರ್ಷಿಕ ರಜೆ 30 ದಿನ. ಅದರ ನಡುವೆ ಬಂದ ಸಾರ್ವಜನಿಕ ರಜಾ ದಿನ ರಜೆಯ ಭಾಗವೇ, ಒಪ್ಪಂದದಲ್ಲಿ ನೌಕರರಿಗೆ ಇನ್ನೂ ಅನುಕೂಲವಾದ ಷರತ್ತು ಇದ್ದರೆ ಮಾತ್ರ ಬೇರೆ. ಈದ್ ರಜೆಯನ್ನು ತಮ್ಮ 30 ದಿನದ ಒಳಗಿಟ್ಟು ಟಿಕೆಟ್ ಮಾಡಿಸಿದವರಿಗೆ ಆ ರಜೆ ಬೇರೆಯಾಗಿ ಸಿಗದು.

## ಟಿಕೆಟ್ ಮಾಡಿಸುವ ಮೊದಲು

ನೀತಿ ಓದಿಯೂ ಸ್ಪಷ್ಟವಾಗದಿದ್ದರೆ ಎಚ್‌ಆರ್‌ಗೆ ಬರಹದಲ್ಲಿ ಕೇಳಬೇಕು. 'ಸ್ಯಾಂಡ್‌ವಿಚ್ ರೂಲ್ ಇದೆಯೇ?' ಎಂದು ಕೇಳಿದರೆ ಇದೆ, ಇಲ್ಲ ಎಂದಷ್ಟೇ ಉತ್ತರ ಬರುತ್ತದೆ. ದಿನಾಂಕ ಹಾಕಿ ಕೇಳಿದರೆ ಪ್ರಯೋಜನ ಹೆಚ್ಚು: 'ಅಕ್ಟೋಬರ್ 1 ಮತ್ತು 5ಕ್ಕೆ ನಾನು ಗಳಿಕೆ ರಜೆ ಹಾಕುತ್ತಿದ್ದೇನೆ. 2, 3 ಮತ್ತು 4 ರಜಾ ದಿನಗಳು. ನನ್ನ ಖಾತೆಯಿಂದ ಒಟ್ಟು ಎಷ್ಟು ದಿನ, ಯಾವ ರಜೆಯಿಂದ ಕಳೆಯುತ್ತದೆ? ನೀತಿಯ ಯಾವ ಅಂಶದ ಪ್ರಕಾರ?' ಇದಕ್ಕೆ ಬಂದ ಉತ್ತರವನ್ನು ತೆಗೆದಿಟ್ಟುಕೊಳ್ಳಿ.

ಕಡಿತ ಆದ ಮೇಲೆ ತಪ್ಪು ಕಂಡರೆ ಸಂಬಳ ಪಟ್ಟಿಯಲ್ಲಿ ಮೂರು ಅಂಕಿ ಒಟ್ಟಿಗೆ ನೋಡಿ: ಎಲ್‌ಒಪಿ ದಿನಗಳು, ಭಾಗಿಸಿದ ದಿನಗಳು, ಕತ್ತರಿಸಿದ ಮೊತ್ತ. ಹೆಚ್ಚಿನ ಕಂಪನಿಗಳು ಹಾಜರಾತಿಯ ಲೆಕ್ಕವನ್ನು ತಿಂಗಳು ಮುಗಿಯುವ ಕೆಲವು ದಿನ ಮೊದಲೇ ಮುಚ್ಚುತ್ತವೆ. ಆ ದಿನದೊಳಗೆ ಹೇಳಿದರೆ ಅದೇ ತಿಂಗಳ ಸಂಬಳದಲ್ಲಿ ಸರಿಯಾಗುತ್ತದೆ, ತಡವಾದರೆ ಮುಂದಿನ ತಿಂಗಳ ಬಾಕಿಯಾಗಿ ಬರುತ್ತದೆ.